ಹುಡುಕು ತಾಣಗಳಿಂದ ಮನೆ ವಿಳಾಸ ತೆಗೆಸುವ ಬಗೆ

ಅಮೆರಿಕದಲ್ಲಿ ನೆಲೆಸಿದವರೊಬ್ಬರ ಹೆಸರನ್ನು ಊರಿನೊಂದಿಗೆ ಗೂಗಲ್‌ನಲ್ಲಿ ಹುಡುಕಿದರೆ ಸ್ಪೋಕಿಯೊ, ವೈಟ್‌ಪೇಜಸ್, ಬೀನ್‌ವೆರಿಫೈಡ್‌ನಂಥ ತಾಣಗಳ ಪುಟಗಳು ಸಿಗುವುದು ಸಾಮಾನ್ಯ. ವಯಸ್ಸು, ಈಗಿನ ಮತ್ತು ಹಿಂದಿನ ಮನೆಗಳ ವಿಳಾಸ, ಫೋನ್ ನಂಬರು, ನೆಂಟರ ಹೆಸರು ಎಲ್ಲವೂ ಒಂದೇ ಕಡೆ ಇರುತ್ತವೆ. ಇದರಲ್ಲಿ ಹೆಚ್ಚಿನದು ಕದ್ದ ಮಾಹಿತಿಯಲ್ಲ. ಮನೆ ಕೊಂಡಾಗ ಕ್ರಯಪತ್ರ ಕೌಂಟಿ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಅದು ಸಾರ್ವಜನಿಕ ದಾಖಲೆ. ಅದಕ್ಕೆ ಕೋರ್ಟಿನ ದಾಖಲೆ, ಟೆಲಿಫೋನ್ ಡೈರೆಕ್ಟರಿ, ಕಂಪನಿಗಳು ಮಾರುವ ಗ್ರಾಹಕರ ಪಟ್ಟಿ ಇವನ್ನೆಲ್ಲ ಜೋಡಿಸಿ ಮಾರುವುದೇ ಡೇಟಾ ಬ್ರೋಕರ್‌ಗಳ ವ್ಯಾಪಾರ. ಹಿಂಬಾಲಿಸಿ ಕಾಡುವವನಿಗೆ ಮನೆಬಾಗಿಲು ತೋರಿಸಲು ಇಷ್ಟೇ ಸಾಕು ಎಂಬುದು ನಿಜಕ್ಕೂ ಆತಂಕದ ಮಾತು.

ಸ್ಯಾನ್ ಹೋಸೆಯಲ್ಲಿ ಮನೆ ಕೊಂಡ ಕನ್ನಡಿಗ ಮಹಿಳೆಯೊಬ್ಬರು ಸ್ಪೋಕಿಯೊದಿಂದ ತಮ್ಮ ವಿವರ ತೆಗೆಸಬೇಕು ಎಂದುಕೊಳ್ಳೋಣ. ಮೊದಲು ಅಲ್ಲಿ ತಮ್ಮ ಹೆಸರನ್ನು ಹುಡುಕಬೇಕು. ಹಣ ಕಟ್ಟುವ ಅಗತ್ಯವಿಲ್ಲ. ಮುಖ್ಯವಾದ ತೊಡಕು ಇರುವುದು ಇಲ್ಲೇ. ಇನಿಷಿಯಲ್ ಇರುವ ಹೆಸರು, ತಂದೆಯ ಹೆಸರು ಕೊನೆಗೆ ಸೇರಿದ ಹೆಸರು, ಮದುವೆಯ ನಂತರದ ಹೆಸರು ಇವೆಲ್ಲ ಬೇರೆ ಬೇರೆ ವ್ಯಕ್ತಿಗಳಂತೆ ದಾಖಲಾಗಿರಬಹುದು. ಅಂಥ ಪ್ರತಿ ಪುಟದ ಲಿಂಕನ್ನೂ ಬರೆದಿಟ್ಟುಕೊಂಡು, spokeo.com/optout ಪುಟದಲ್ಲಿ ಒಂದೊಂದಾಗಿ ಅಂಟಿಸಿ, ಇಮೇಲ್ ವಿಳಾಸ ಕೊಡಬೇಕು. ಈ ಕೆಲಸಕ್ಕೆಂದೇ ಬೇರೆ ಇಮೇಲ್ ಇಟ್ಟುಕೊಳ್ಳುವುದು ಲೇಸು. ಆಮೇಲೆ ಬರುವ ಇಮೇಲ್‌ನಲ್ಲಿರುವ ಲಿಂಕ್ ಒತ್ತದಿದ್ದರೆ ಕೋರಿಕೆ ಮುಂದೆ ಹೋಗುವುದಿಲ್ಲ. ಅದು ಸ್ಪ್ಯಾಮ್‌ನಲ್ಲಿ ಬಿದ್ದಿದ್ದರೆ ಹುಡುಕಿ ತೆಗೆಯಬೇಕು.

ಕೆಲವು ದಿನ ಬಿಟ್ಟು, ಬರೆದಿಟ್ಟ ಲಿಂಕನ್ನೇ ನೇರವಾಗಿ ತೆರೆದು ನೋಡಬೇಕು. ಪುಟ ಅಳಿದ ಮೇಲೂ ಗೂಗಲ್‌ನಲ್ಲಿ ಅದರ ಹೆಸರು ಸ್ವಲ್ಪ ಕಾಲ ಕಾಣಿಸುತ್ತಿರಬಹುದು. ಗೂಗಲ್‌ನ Results about you ಸೌಲಭ್ಯ ಮಾಡುವುದು ಇದಕ್ಕೆ ತದ್ವಿರುದ್ಧ: ಹುಡುಕಾಟದ ಫಲಿತಾಂಶ ಮರೆಯಾಗುತ್ತದೆ, ಮೂಲ ತಾಣದಲ್ಲಿ ವಿವರ ಹಾಗೇ ಉಳಿಯುತ್ತದೆ.

ತೆಗೆಸಿದ ವಿವರ ಮತ್ತೆ ತಲೆ ಎತ್ತುವುದೂ ಉಂಟು. ಬ್ರೋಕರ್‌ಗಳು ಆಗಾಗ ಹೊಸ ದಾಖಲೆ ತರಿಸಿಕೊಳ್ಳುತ್ತಾರೆ. ಮನೆ ಬದಲಾದರೆ, ಸಾಲ ಮರುಹೊಂದಿಸಿದರೆ ಹೊಸ ದಾಖಲೆ ಹುಟ್ಟುತ್ತದೆ. ಅದು ಹಳೆಯದರೊಂದಿಗೆ ಹೊಂದದಿದ್ದರೆ ಹೊಸ ವ್ಯಕ್ತಿಯಾಗಿ ಪ್ರಕಟವಾಗುತ್ತದೆ. ಆದ್ದರಿಂದ ಮೂರು–ನಾಲ್ಕು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಈ ಪುನರಾವರ್ತನೆಯನ್ನು ತಗ್ಗಿಸಲೆಂದೇ ಕ್ಯಾಲಿಫೋರ್ನಿಯಾ 2023ರಲ್ಲಿ ಡಿಲೀಟ್ ಆಕ್ಟ್ ತಂದಿತು. ಅದರಡಿ ರೂಪುಗೊಂಡ ಡ್ರಾಪ್ ವ್ಯವಸ್ಥೆಯಲ್ಲಿ (privacy.ca.gov/drop) 2026ರ ಜನವರಿಯಿಂದ ಆ ರಾಜ್ಯದ ನಿವಾಸಿಗಳು ಸಲ್ಲಿಸುವ ಒಂದೇ ಕೋರಿಕೆ ನೋಂದಾಯಿತ ಬ್ರೋಕರ್‌ಗಳೆಲ್ಲರಿಗೂ ಅನ್ವಯಿಸುತ್ತದೆ. 2026ರ ಆಗಸ್ಟ್ 1ರಿಂದ ಅವರು 45 ದಿನಕ್ಕೊಮ್ಮೆ ಪಟ್ಟಿ ನೋಡಿ ಅಳಿಸಬೇಕೆಂಬುದು ನಿಯಮ. ಆದರೆ ಸಾರ್ವಜನಿಕ ದಾಖಲೆಯಿಂದ ಬಂದ ಮಾಹಿತಿಗೆ ಈ ಕಾನೂನು ವಿನಾಯಿತಿ ಕೊಟ್ಟಿದೆ. ಹಾಗಾಗಿ ಅಲ್ಲಿನ ಕನ್ನಡಿಗರು ಮೊದಲು ಡ್ರಾಪ್‌ನಲ್ಲಿ ಕೋರಿಕೆ ಹಾಕಿ, ಬಳಿಕವೂ ವಿಳಾಸ ಉಳಿದಿರುವ ತಾಣಗಳಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವುದು ಒಳ್ಳೆಯದು.