ಹುಬ್ಬಳ್ಳಿಯ ಬಾಕಿ, ದಾವಣಗೆರೆಯ ಬಾಕಿ

ಕಳೆದ ಜುಲೈ ಮೊದಲ ವಾರ, ನಾನು ಲೆಕ್ಕ ನೋಡಿಕೊಳ್ಳುವ ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯ ಸಾಹುಕಾರರು ವಾಟ್ಸಾಪಿನಲ್ಲಿ ಮೂರು ಫೋಟೋ ಕಳಿಸಿ, ಹಿಂದೆಯೇ ಫೋನ್ ಮಾಡಿದರು. "ಹುಬ್ಬಳ್ಳಿಯವ್ರು ಲೋಡ್ ನಿಲ್ಸ್ಯಾರ್ರೀ ಸರ್. ಬಾಕಿ ಲಿಮಿಟ್ ದಾಟೇತಿ ಅಂತಾರ. ಒಂದು ಲಕ್ಷ ಹೆಚ್ಚಿಗಿ ತೋರ್ಸ್ಯಾರ, ನೋಡ್ರಿ."

ಪಿವಿಸಿ ಪೈಪು, ಫಿಟಿಂಗ್ಸು ಕೊಡುವ ಆ ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರು ಇವರಿಗೆ ನಾಲ್ಕೂವರೆ ಲಕ್ಷದವರೆಗೆ ಸಾಲ ಬಿಡುತ್ತಾರೆ. ಅವರ ಸ್ಟೇಟ್‌ಮೆಂಟಿನ ಪ್ರಕಾರ ಜೂನ್ 30ಕ್ಕೆ ಅಂಗಡಿ ಕೊಡಬೇಕಾದದ್ದು ₹4,71,350. ಅಂಗಡಿಯ ಖಾತೆ ಹೇಳುವುದು ₹3,71,890. ನಡುವೆ ₹99,460. ಸಾಹುಕಾರರ ಮಟ್ಟಿಗೆ ಇದು 'ಅವರ ತಪ್ಪು'. ಹುಬ್ಬಳ್ಳಿಯ ಗುಮಾಸ್ತರ ಮಟ್ಟಿಗೆ 'ಅಂಗಡಿಯವರ ಎಂದಿನ ಸಬೂಬು'. ಇಂಥ ಜಗಳದಲ್ಲಿ ಇಬ್ಬರೂ ಅರ್ಧರ್ಧ ಸರಿ ಇರುವುದೇ ಹೆಚ್ಚು ಎಂಬುದು ನನ್ನ ಅನುಭವ.

ಲೆಕ್ಕಕ್ಕಿಂತ ಮೊದಲು ಫೋಟೋ ಸರಿಯಿದೆಯೇ ಎಂದು ನೋಡಬೇಕು. ಕಾಗದದ ಮಡಿಕೆಯ ನೆರಳು ಬಿದ್ದ ಕಡೆ 3 ಯಾವುದು, 8 ಯಾವುದು ತಿಳಿಯುವುದಿಲ್ಲ. ವಾಟ್ಸಾಪು ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ದೊಡ್ಡದು ಮಾಡಿದಷ್ಟೂ ಅಂಕಿ ಕಲಸಿಹೋಗುತ್ತದೆ. ಸಾಧ್ಯವಿದ್ದರೆ ಪಿಡಿಎಫ್ ಕೇಳಿ, ಇಲ್ಲವೇ ಫೋಟೋವನ್ನೇ 'ಡಾಕ್ಯುಮೆಂಟ್' ಎಂದು ಕಳಿಸಲು ಹೇಳಿ, ಆಗ ಅದು ಕುಗ್ಗದೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಅಂದು ಕಂಪ್ಯೂಟರಿನ ಹುಡುಗಿ ರಜೆ. ಫೋಟೋದಲ್ಲೇ ಕೆಲಸ ಸಾಗಬೇಕಿತ್ತು.

ಫೋಟೋದ ಅಂಕಿಯನ್ನು ಪರೀಕ್ಷಿಸಲು ಸ್ಟೇಟ್‌ಮೆಂಟೇ ಒಂದು ದಾರಿ ಕೊಡುತ್ತದೆ. ಬಲಗಡೆಯ ಕೊನೆಯ ಕಾಲಂನಲ್ಲಿ ಪ್ರತಿ ಸಾಲಿಗೂ ಅಲ್ಲಿಯವರೆಗಿನ ಬಾಕಿ ಇರುತ್ತದೆ. ಜೂನ್ 9ರ, 1240ನೇ ನಂಬರಿನ ಬಿಲ್ಲಿನ ಮೊತ್ತ ನನಗೆ 33,540 ಎಂದೂ ಕಂಡಿತು, 38,540 ಎಂದೂ ಕಂಡಿತು. ಮೇಲಿನ ಸಾಲಿನ ಬಾಕಿ 3,02,270, ಈ ಸಾಲಿನದು 3,40,810. ಕಳೆದರೆ 38,540. ಹೀಗೆ ಸಾಲು ಸಾಲಾಗಿ ಇಳಿಯುತ್ತ ಹೋದರೆ ಓದಿನ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಒಂದು ಪುಟದ ಕೊನೆಯ ಬಾಕಿಯಿಂದ ಮುಂದಿನ ಪುಟದ ಮೊದಲ ಸಾಲು ಮುಂದುವರಿಯದಿದ್ದರೆ ನಡುವೆ ಒಂದು ಪುಟ ಬಂದಿಲ್ಲ, ಅಥವಾ ಫೋಟೋದ ಕೆಳಗಿನ ಒಂದೆರಡು ಸಾಲು ಕತ್ತರಿಸಿಹೋಗಿವೆ. ನಮ್ಮ ಮೂರು ಫೋಟೋಗಳಲ್ಲಿ ಎರಡನೆಯದು ಮೂರನೆಯದು ಅದಲು ಬದಲಾಗಿದ್ದವು, ಅಷ್ಟೇ.

ಇನ್ನೊಂದು ವಿಷಯ ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಅವರ ಪುಸ್ತಕದಲ್ಲಿ ಬಿಲ್ಲು ಡೆಬಿಟ್ ಕಡೆ, ನಮ್ಮದರಲ್ಲಿ ಅದೇ ಬಿಲ್ಲು ಕ್ರೆಡಿಟ್ ಕಡೆ. ನಾವು ಕೊಟ್ಟ ಹಣ ಅವರಲ್ಲಿ ಜಮಾ, ನಮ್ಮಲ್ಲಿ ಖರ್ಚು. ಕನ್ನಡಿಯಲ್ಲಿ ಎಡಗೈ ಬಲಗೈ ಆದ ಹಾಗೆ. ಇದು ತಲೆಯಲ್ಲಿದ್ದರೆ ಸಾಕು.

ತಾಳೆ ನೋಡಲು ಕೂತಾಗ ಮೊದಲ ಟಿಕ್ಕು ಬೀಳಬೇಕಾದದ್ದು ಆರಂಭದ ಬಾಕಿಗೆ. ಏಪ್ರಿಲ್ 1ಕ್ಕೆ ಇಬ್ಬರಲ್ಲೂ ₹2,18,600 ಇತ್ತು. ಇದು ದೊಡ್ಡ ನೆಮ್ಮದಿ. ಅಲ್ಲೇ ವ್ಯತ್ಯಾಸವಿದ್ದಿದ್ದರೆ ಹಿಂದಿನ ವರ್ಷದ ಲೆಕ್ಕ ಕೆದಕಬೇಕಾಗುತ್ತಿತ್ತು. ಈಗ ಏನೇ ಆಗಿದ್ದರೂ ಈ ಮೂರು ತಿಂಗಳೊಳಗೇ ಆಗಿದೆ.

ಆಮೇಲೆ ಬಿಲ್ಲುಗಳು. ತಾರೀಖು ಹಿಡಿದು ಹುಡುಕಿದರೆ ಕೆಲಸ ಕೆಡುತ್ತದೆ. ಅವರು ಬಿಲ್ ಹರಿದ ದಿನ ಬರೆಯುತ್ತಾರೆ, ಅಂಗಡಿಯ ಹುಡುಗ ಮಾಲು ಇಳಿದ ದಿನ ಎಕ್ಸೆಲ್‌ನಲ್ಲಿ ಹಾಕುತ್ತಾನೆ. ಬಿಲ್ ನಂಬರಿನ ಕೊನೆಯ ನಾಲ್ಕು ಅಂಕಿ ಮತ್ತು ಮೊತ್ತ, ಈ ಎರಡನ್ನು ಹಿಡಿದು ಎರಡೂ ಕಡೆ ಟಿಕ್ ಹಾಕುತ್ತ ಹೋಗಬೇಕು. ಕೊನೆಗೆ ಟಿಕ್ ಬೀಳದೆ ಉಳಿದ ಸಾಲುಗಳಷ್ಟೇ ನಮ್ಮ ಕೆಲಸ. ₹99,460ರ ಒಂದೇ ನಮೂದು ಎಲ್ಲಾದರೂ ಬಿಟ್ಟಿದೆಯೇ ಎಂದು ಹುಡುಕುತ್ತ ಕೂರುವವರಿದ್ದಾರೆ. ಅದು ಸಿಗುವುದು ಅಪರೂಪ. ವ್ಯತ್ಯಾಸವೆಂಬುದು ಹಲವು ತಪ್ಪುಗಳು, ಕೆಲವು ಈ ಕಡೆಗೆ ಕೆಲವು ಆ ಕಡೆಗೆ ಎಳೆದಾಡಿ, ಕೊನೆಗೆ ಉಳಿದ ಮೊತ್ತ.

ನಮ್ಮಲ್ಲಿ ಉಳಿದದ್ದು ಐದು ಸಾಲು.

ದೊಡ್ಡದು ಮೇ 23ರ 1187ನೇ ಬಿಲ್ಲು, ₹64,310. ಅವರಲ್ಲಿದೆ, ನಮ್ಮಲ್ಲಿಲ್ಲ. ಸಾಹುಕಾರರು "ಆ ಮಾಲೇ ಬಂದಿಲ್ಲ" ಎಂದರು. ಗೋಡೌನಿನ ಆವಕ ಪುಸ್ತಕದಲ್ಲೂ ಇರಲಿಲ್ಲ. ಆದರೆ ₹50,000 ಮೀರಿದ ಮಾಲು ಇ-ವೇ ಬಿಲ್ ಇಲ್ಲದೆ ಹುಬ್ಬಳ್ಳಿ ಬಿಡುವಂತಿಲ್ಲ. ಪೋರ್ಟಲಿನಲ್ಲಿ ಜಿಎಸ್‌ಟಿಆರ್-2ಬಿ ತೆಗೆದು ನೋಡಿದೆ. ನಮಗೆ ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ಮುಂದಿನ ತಿಂಗಳ 14ಕ್ಕೆ ಅಲ್ಲಿ ಬಂದು ಕೂರುತ್ತವೆ. ಮೇ ತಿಂಗಳ ಪಟ್ಟಿಯಲ್ಲಿ 1187 ಇತ್ತು: ಮಾಲಿನ ಬೆಲೆ ₹54,500, ಶೇ. 18ರ ತೆರಿಗೆ ₹9,810. ಅಂದರೆ ಹುಬ್ಬಳ್ಳಿಯವರು ಸುಮ್ಮನೆ ಬರೆದುಕೊಂಡದ್ದಲ್ಲ, ಸರ್ಕಾರಕ್ಕೂ ತೋರಿಸಿದ್ದಾರೆ.

ಹಾಗೆಂದು ಅದನ್ನು ತಕ್ಷಣ ಖಾತೆಗೆ ಹಾಕಿಬಿಡಬಾರದು. 2ಬಿಯಲ್ಲಿದ್ದರೆ ಬಿಲ್ ಹರಿದಿದೆ ಎಂದಷ್ಟೇ ಅರ್ಥ, ಮಾಲು ನಮಗೆ ತಲುಪಿತೆಂದಲ್ಲ. ಡಿಲಿವರಿ ಚಲನ್ ಕಳಿಸಿ ಎಂದು ಕೇಳಿದೆ. ಬಂದ ಚಲನಿನ ಮೇಲೆ ಒಬ್ಬ ಮೇಸ್ತ್ರಿಯ ಸಹಿ! ಲಾರಿ ಅಂಗಡಿಗೆ ಬರದೆ ನೇರ ಗಿರಾಕಿಯ ಮನೆ ಕಟ್ಟುವ ಜಾಗಕ್ಕೆ ಹೋಗಿತ್ತು, ಬಿಲ್ಲೂ ಪೈಪಿನ ಜೊತೆ ಅಲ್ಲೇ ಇಳಿದಿತ್ತು. ಸಾಹುಕಾರರು ಗಿರಾಕಿಗೆ ಮಾರಾಟದ ಬಿಲ್ ಹರಿದಿದ್ದರು, ಖರೀದಿಯ ಬಿಲ್ ಮಾತ್ರ ಪುಸ್ತಕ ಸೇರಿರಲಿಲ್ಲ. ಮೇ ತಿಂಗಳ ಲಾಭ ಅಷ್ಟು ಚೆನ್ನಾಗಿ ಕಂಡದ್ದು ಯಾಕೆಂದು ನನಗೆ ಆಗ ಹೊಳೆಯಿತು. ತೆರಿಗೆಯ ₹9,810 ಇನ್‌ಪುಟ್ ಕ್ರೆಡಿಟ್ ಪಡೆಯಲು ಮೂಲ ಬಿಲ್ಲಿನ ಪ್ರತಿ ಕೈಯಲ್ಲಿರಬೇಕು. ಸ್ಟೇಟ್‌ಮೆಂಟಿನ ಫೋಟೋ ಅದಕ್ಕೆ ನಡೆಯುವುದಿಲ್ಲ. ಬಿಲ್ಲಿನ ಪ್ರತಿ ತರಿಸಿ, ಆಮೇಲೆ ನಮೂದು ಮಾಡಿದೆವು.

ಎರಡನೆಯದು ಆ 1240ನೇ ಬಿಲ್ಲು. ಅವರಲ್ಲಿ 38,540, ನಮ್ಮಲ್ಲಿ 35,840. ವ್ಯತ್ಯಾಸ 2,700, ಒಂಬತ್ತರಿಂದ ಭಾಗವಾಗುವ ಸಂಖ್ಯೆ. ಪಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲಿರುತ್ತದೆ. ಹಳೆಯ ಗುಮಾಸ್ತರು ಇದನ್ನು ಮೂಗಿನಿಂದಲೇ ಹಿಡಿಯುತ್ತಿದ್ದರು. ಫೋಟೋ ಸರಿಯಿದೆಯೆಂದು ಬಾಕಿ ಕಾಲಂ ಮೊದಲೇ ಹೇಳಿತ್ತು, ಫೈಲಿನಲ್ಲಿದ್ದ ಬಿಲ್ಲೂ ಅದನ್ನೇ ಹೇಳಿತು. ತಪ್ಪು ನಮ್ಮ ಹುಡುಗನದು.

ಮೂರನೆಯದು ತಿರುಗಾ ದಿಕ್ಕಿನದು. ಸ್ಟೇಟ್‌ಮೆಂಟಿನಲ್ಲಿ ಜೂನ್ 3ಕ್ಕೆ ₹15,000 ಜಮಾ ಆಗಿದೆ, ನಮ್ಮ ಖಾತೆಯಲ್ಲಿ ಅಂಥ ಪಾವತಿಯೇ ಇಲ್ಲ. ಅಂಗಡಿಯ ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಇಲ್ಲ. ಇಂಥದ್ದು ಕಂಡರೆ ನಾನು ಮೊದಲು ಕೇಳುವುದು ಸಾಹುಕಾರರ ಸ್ವಂತ ಫೋನಿನ ಯುಪಿಐ ಬಗ್ಗೆ. ಸೇಲ್ಸ್‌ಮನ್ ಬಂದು ಕೂತಾಗ ಮನೆಯ ಖಾತೆಯಿಂದ ಹಾಕಿದ್ದು ನೆನಪಾಯಿತು, "ಹೌದ್ ಹೌದ್ರೀ" ಎಂದರು. ಹನ್ನೆರಡು ಅಂಕಿಯ ಯುಪಿಐ ನಂಬರು ಬರೆದುಕೊಂಡು ಅದನ್ನು ಅವರ ಬಂಡವಾಳ ಖಾತೆಗೆ ಜಮಾ ಹಾಕಿ, ಹುಬ್ಬಳ್ಳಿಯವರ ಖಾತೆಗೆ ಖರ್ಚು ಹಾಕಿದೆ. ತಮಗೆ ಲಾಭವಾಗುವ ಸಾಲು ಕೂಡ ಸ್ಟೇಟ್‌ಮೆಂಟಿನಲ್ಲಿ ಇರಬಹುದೆಂದು ಸಾಹುಕಾರರು ಅಂದುಕೊಂಡೇ ಇರಲಿಲ್ಲ.

ಉಳಿದೆರಡು ಹುಬ್ಬಳ್ಳಿಯವರು ತಿದ್ದಬೇಕಾದವು. ಒಡೆದು ಬಂದ ಬಾಲ್ ವಾಲ್ವುಗಳನ್ನು ಸೇಲ್ಸ್‌ಮನ್ ವಾಪಸ್ ಒಯ್ದಿದ್ದ, ₹7,450. ಅವನು ಕೊಟ್ಟ ಚೀಟಿಯ ಮೇಲೆ ನಾವು ಡೆಬಿಟ್ ನೋಟ್ ಹಾಕಿದ್ದೆವು, ಅಲ್ಲಿ ಕ್ರೆಡಿಟ್ ನೋಟ್ ಆಗಿರಲಿಲ್ಲ. ಇನ್ನೊಂದು ಜೂನ್ 12ಕ್ಕೆ ನಾವು ನೆಫ್ಟ್ ಮಾಡಿದ ₹40,000. ನಮ್ಮ ಪಾಸ್‌ಬುಕ್ಕಿನಲ್ಲಿ ಹೋಗಿದೆ, ವಾಪಸ್ ಬಂದಿಲ್ಲ, ಅವರ ಸ್ಟೇಟ್‌ಮೆಂಟಿನಲ್ಲಿ ಇಲ್ಲ. "ಹಣ ಕಳಿಸಿದ್ದೇವೆ, ನೋಡಿ" ಎಂದರೆ ಯಾರೂ ನೋಡುವುದಿಲ್ಲ. ನೆಫ್ಟಿನ ಹದಿನಾರು ಅಕ್ಷರದ ಯುಟಿಆರ್, ತಾರೀಖು, ಮೊತ್ತ ಈ ಮೂರನ್ನೂ ಬರೆದು ಕಳಿಸಿದರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಿ ತೆಗೆಯಲು ಐದು ನಿಮಿಷ ಸಾಕು.

ಇನ್ನೊಂದು ಬಗೆಯ ಸಾಲು ಇರುತ್ತದೆ, ಈ ಸಲ ನಮ್ಮಲ್ಲಿರಲಿಲ್ಲ. ತಿಂಗಳ ಕೊನೆಯ ದಿನ ಚೆಕ್ ಬರೆದಿರುತ್ತೇವೆ, ಅದು ಅವರ ಕೈ ಸೇರುವುದು ಮುಂದಿನ ತಿಂಗಳು. ಅದು ತಪ್ಪಲ್ಲ, ಪಟ್ಟಿಯಲ್ಲಿ ಬರೆದಿಟ್ಟು ಬಿಡಬೇಕು, ಮುಂದಿನ ಸ್ಟೇಟ್‌ಮೆಂಟಿನಲ್ಲಿ ತಾನೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಮಾತ್ರ ಚಿಂತೆ.

ಈಗ ಕೂಡಿಸಿ ನೋಡೋಣ. ನಮ್ಮ ₹3,71,890ಕ್ಕೆ ಬಿಟ್ಟುಹೋದ ಬಿಲ್ಲಿನ 64,310, ಅಂಕಿ ತಪ್ಪಿದ 2,700 ಸೇರಿಸಿ, ಸ್ವಂತ ಫೋನಿನ 15,000 ಕಳೆದರೆ ₹4,23,900. ಅವರ ₹4,71,350ರಲ್ಲಿ ನೆಫ್ಟಿನ 40,000, ವಾಪಸ್ ಮಾಲಿನ 7,450 ಕಳೆದರೆ ಅದೂ ₹4,23,900. ನಾಲ್ಕೂವರೆ ಲಕ್ಷದ ಲಿಮಿಟ್ಟಿನ ಒಳಗೇ. ನಾನು ಒಂದೇ ಹಾಳೆಯಲ್ಲಿ ಎರಡು ಭಾಗ ಮಾಡಿ, 'ನಾವು ತಿದ್ದಿಕೊಂಡವು' ಮೇಲೆ, 'ನೀವು ತಿದ್ದಬೇಕಾದವು' ಕೆಳಗೆ ಬರೆದು ಕಳಿಸುತ್ತೇನೆ. ನಮ್ಮ ತಪ್ಪನ್ನು ಮೊದಲು ಒಪ್ಪಿಕೊಂಡ ಹಾಳೆಯನ್ನು ಆ ಕಡೆಯವರು ಕೊನೆಯವರೆಗೂ ಓದುತ್ತಾರೆ.

ಎರಡೂ ಕಡೆಯ ಬಾಕಿ ಮೊದಲೇ ಒಂದಾಗಿದ್ದರೆ ಇದೆಲ್ಲ ಬೇಡವೇ ಎಂದು ಕೇಳುತ್ತಾರೆ. ಅದೂ ನಂಬುವ ಹಾಗಿಲ್ಲ. ಹತ್ತು ಸಾವಿರದ ಒಂದು ಬಿಲ್ಲು, ಅದಕ್ಕೆ ಅಂದೇ ಕೊಟ್ಟ ಹತ್ತು ಸಾವಿರ ಎರಡೂ ನಮ್ಮ ಪುಸ್ತಕಕ್ಕೆ ಬರದಿದ್ದರೆ ಬಾಕಿ ಕರಾರುವಾಕ್ಕಾಗಿ ಕೂಡಿಬರುತ್ತದೆ. ಆ ಬಿಲ್ಲಿನ ಇನ್‌ಪುಟ್ ಕ್ರೆಡಿಟ್ಟು ಮಾತ್ರ ಹೋಗಿರುತ್ತದೆ. ಆ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ದಾಟಿದರೆ ಅದನ್ನು ಮತ್ತೆ ಪಡೆಯುವಂತಿಲ್ಲ. ಅದಕ್ಕೇ ಬಾಕಿ ನೋಡಿ ಸುಮ್ಮನಾಗದೆ ಸಾಲು ಸಾಲಿಗೂ ಟಿಕ್ ಹಾಕುವುದು.

ಮರುದಿನ ಸಂಜೆ ಹುಬ್ಬಳ್ಳಿಯಿಂದ ಫೋನ್ ಬಂತು. ₹40,000 ಸಿಕ್ಕಿತ್ತು, ಇದೇ ಹೆಸರಿನ ಹರಿಹರದ ಇನ್ನೊಂದು ಅಂಗಡಿಯ ಖಾತೆಗೆ ಜಮಾ ಆಗಿ ಕೂತಿತ್ತು. ಅವರಿಗೂ ಜುಲೈ ಮೊದಲ ವಾರವೇ ಸ್ಟೇಟ್‌ಮೆಂಟ್ ಹೋಗಿತ್ತಂತೆ. ಆ ಅಂಗಡಿಯವರು ಬಾಕಿ ಸರಿಯಿದೆ ಎಂದು ಸೀಲು ಹಾಕಿ, ಸಹಿ ಮಾಡಿ ವಾಪಸ್ ಕಳಿಸಿದ್ದರು.