‘ಅರ್ಥ ಆಯ್ತಾ?’ ಎಂದು ಕೇಳಿದ್ದು 11 ಸಲ

‘ಪಾಠ ಚೆನ್ನಾಗಿತ್ತು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಕಪ್ಪುಹಲಗೆಯ ಬಳಕೆ ಉತ್ತಮ. ಸಮಯಪಾಲನೆಗೆ ಇನ್ನಷ್ಟು ಗಮನ ಕೊಡಬಹುದು.’

ಬಿ.ಇಡಿ. ಓದುವಾಗ ಗೆಳೆಯರ ಪಾಠ ವೀಕ್ಷಿಸಿ ಬರೆದವರಿಗೆ ಈ ನಾಲ್ಕು ಸಾಲು ಅಪರಿಚಿತವಲ್ಲ. ಕೆಲಸಕ್ಕೆ ಸೇರಿದ ಮೇಲೂ ಸಹೋದ್ಯೋಗಿಯ ತರಗತಿಯಲ್ಲಿ ಕೂತು ಬಂದವರು ಬಹುಮಟ್ಟಿಗೆ ಇದನ್ನೇ ಬರೆಯುತ್ತಾರೆ. ವಿಜ್ಞಾನದ ಪಾಠಕ್ಕೂ ಹೊಂದುತ್ತದೆ, ಕನ್ನಡ ಪದ್ಯಕ್ಕೂ ಹೊಂದುತ್ತದೆ. ಯಾರಿಗೂ ನೋವಾಗುವುದಿಲ್ಲ, ಯಾರಿಗೂ ಏನೂ ತಿಳಿಯುವುದೂ ಇಲ್ಲ. ನಾಳೆ ಅದೇ ಸ್ಟಾಫ್‌ರೂಮಿನಲ್ಲಿ ಎದುರುಬದುರು ಕೂತು ಊಟದ ಡಬ್ಬಿ ಬಿಚ್ಚಬೇಕಾದವರು ಬೇರೆ ಏನು ತಾನೇ ಬರೆದಾರು?

ಬರೆಯಲು ಸಾಧ್ಯವಿದೆ. ಒಂದು ತರಗತಿಯನ್ನು ಕಲ್ಪಿಸಿಕೊಂಡು ನೋಡೋಣ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಆರನೇ ತರಗತಿ, 31 ಮಕ್ಕಳು, 40 ನಿಮಿಷದ ಪೀರಿಯಡ್. ಪಾಠ ಭಿನ್ನರಾಶಿಗಳ ಸಂಕಲನ, ಅದರಲ್ಲೂ ಛೇದಗಳು ಬೇರೆ ಬೇರೆ ಇರುವ ಲೆಕ್ಕಗಳು. ಪಾಠ ಮಾಡುವವರು ಗಣಿತದ ಮೇಡಂ, ನೋಡಲು ಬಂದವರು ಅದೇ ಶಾಲೆಯ ವಿಜ್ಞಾನದ ಮೇಡಂ.

ವರದಿಯ ಕೆಲಸ ಪಾಠಕ್ಕಿಂತ ಮುಂಚೆಯೇ ಶುರುವಾಗುತ್ತದೆ. ‘ನಾನು ಏನನ್ನು ನೋಡಲಿ?’ ಎಂದು ವಿಜ್ಞಾನದ ಮೇಡಂ ಕೇಳುತ್ತಾರೆ. ‘ಹಿಂದಿನ ಸಾಲಿನ ಮಕ್ಕಳಿಗೆ ಪಾಠ ತಲುಪ್ತಿದೆಯೋ ಇಲ್ವೋ ನೋಡಿ’ ಎನ್ನುತ್ತಾರೆ ಗಣಿತದವರು. ವರದಿಯನ್ನು ಯಾರು ಓದಬೇಕು ಎನ್ನುವುದೂ ಆಗಲೇ ತೀರ್ಮಾನವಾಗಬೇಕು. ಇಬ್ಬರ ನಡುವೆಯೇ ಉಳಿಯುವ ಹಾಳೆ ಒಂದು ಬಗೆಯದು, ಮುಖ್ಯೋಪಾಧ್ಯಾಯರ ಮೇಜಿಗೋ ಸಿಆರ್‌ಪಿಯವರ ಕೈಗೋ ಹೋಗುವ ಹಾಳೆ ಇನ್ನೊಂದು ಬಗೆಯದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಲು ಹೊರಟಾಗಲೇ ಆ ನಾಲ್ಕು ಸಾಲಿನ ಮಾದರಿ ಹುಟ್ಟುತ್ತದೆ.

ಕೂರುವ ಜಾಗವೂ ಮುಖ್ಯ. ವೀಕ್ಷಕರಿಗೆಂದು ಕೊನೆಯ ಬೆಂಚಿನ ಪಕ್ಕ ಕುರ್ಚಿ ಹಾಕುವುದು ರೂಢಿ. ಅಲ್ಲಿಂದ ಕಾಣುವುದು ಶಿಕ್ಷಕರ ಮುಖ ಮತ್ತು ಮಕ್ಕಳ ಬೆನ್ನು. ಗೋಡೆ ಬದಿಯಲ್ಲಿ ನಡುಸಾಲಿನ ಹತ್ತಿರ ಕೂತರೆ ಮಕ್ಕಳ ಮುಖವೂ ಕಾಣುತ್ತದೆ, ನೋಟ್‌ಬುಕ್ಕೂ ಕಾಣುತ್ತದೆ. ಕೈಯಲ್ಲಿರುವ ಹಾಳೆಗೆ ನಡುವೆ ಒಂದು ಗೆರೆ ಎಳೆದರೆ ಸಾಕು. ಎಡಗಡೆ ಗಡಿಯಾರದ ಹೊತ್ತು ಹಾಕಿ ಕಂಡದ್ದು, ಕೇಳಿದ್ದು ಮಾತ್ರ. ಬಲಗಡೆ ತನಗೆ ಅನಿಸಿದ್ದು. ‘ಮಕ್ಕಳಿಗೆ ಗೊಂದಲವಾಯಿತು’ ಬಲಗಡೆಯ ಮಾತು. ‘ಮೂರನೇ ಸಾಲಿನ ಇಬ್ಬರು ಉತ್ತರ ಅಳಿಸಿ ಪಕ್ಕದವನ ಪುಸ್ತಕ ನೋಡಿದರು’ ಎಡಗಡೆಯದು. ವರದಿಯನ್ನು ಕಟ್ಟಬೇಕಾದದ್ದು ಎಡಗಡೆಯಿಂದ.

ಆ ದಿನ ಎಡಗಡೆ ಬಿದ್ದ ಟಿಪ್ಪಣಿಗಳು ಇವು. ಒಂಬತ್ತನೇ ನಿಮಿಷದಲ್ಲಿ ಮಕ್ಕಳಿಗೆ ಒಂದೇ ಉದ್ದದ ಎರಡೆರಡು ಕಾಗದದ ಪಟ್ಟಿ ಸಿಕ್ಕವು. ಒಂದನ್ನು ಎರಡು ಸಮಭಾಗ, ಇನ್ನೊಂದನ್ನು ಮೂರು ಸಮಭಾಗ ಆಗುವಂತೆ ಮಡಿಸಿದರು. ಹದಿನಾಲ್ಕನೇ ನಿಮಿಷದಲ್ಲಿ ಎರಡನೇ ಸಾಲಿನ ಹುಡುಗಿಯೊಬ್ಬಳು, ‘ಮಿಸ್, ತುಂಡು ಒಂದೇ ಅಳತೆ ಇಲ್ವಲ್ಲ, ಹೆಂಗೆ ಕೂಡ್ಸೋದು?’ ಎಂದಳು. ‘ಅದನ್ನ ಆಮೇಲೆ ನೋಡೋಣ’ ಎಂದು ಮೇಡಂ ಹಲಗೆಯ ಕಡೆ ತಿರುಗಿ ಲ.ಸಾ.ಅ. ಕ್ರಮ ಬರೆದರು. ಇಡೀ ಪೀರಿಯಡ್‌ನಲ್ಲಿ ‘ಅರ್ಥ ಆಯ್ತಾ?’ ಎಂದು 11 ಸಲ ಕೇಳಿದರು. ಹನ್ನೊಂದು ಸಲವೂ ‘ಆಯ್ತು ಮಿಸ್’ ಎಂದು ತರಗತಿ ಒಕ್ಕೊರಲಿನಿಂದ ಹೇಳಿತು. ಮೂವತ್ತನೇ ನಿಮಿಷದಲ್ಲಿ ½ + ⅕ ಲೆಕ್ಕ ಕೊಟ್ಟರು. ವೀಕ್ಷಕರಿಗೆ ಕಂಡ 9 ಪುಸ್ತಕಗಳಲ್ಲಿ ಐದರಲ್ಲಿ 2/7 ಎಂದಿತ್ತು.

ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ ಆ 2/7 ಅರ್ಧಕ್ಕಿಂತಲೂ ಚಿಕ್ಕದು. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆಯಾಗಿದೆ ಎನ್ನುವುದು ಆ ಐವರಿಗೂ ವಿಚಿತ್ರವಾಗಿ ಕಂಡಿಲ್ಲ. ಪಾಠದ ನಿಜವಾದ ತೊಡಕು ಇದು. ಇದನ್ನು ಬಿಟ್ಟು ಅಕ್ಷರ ದುಂಡಗಿರುವುದನ್ನೂ ಕಿಟಕಿ ತೆರೆದಿರುವುದನ್ನೂ ಬರೆದರೆ ಅದು ಸೌಜನ್ಯವಲ್ಲ, ನುಣುಚಿಕೊಳ್ಳುವುದು.

ಹಾಗೆಂದು ‘ನೀವು ಮಕ್ಕಳ ಪ್ರಶ್ನೆಗೆ ಬೆಲೆ ಕೊಡುವುದಿಲ್ಲ’ ಎಂದು ಬರೆಯಬಹುದೇ? ಒಂದು ಪೀರಿಯಡ್ ನೋಡಿ ಒಬ್ಬರ ಸ್ವಭಾವದ ಮೇಲೆ ತೀರ್ಪು ಕೊಟ್ಟಂತಾಗುತ್ತದೆ. ಕ್ಲೂಗರ್ ಮತ್ತು ಡೆನಿಸಿ ಎಂಬ ಸಂಶೋಧಕರು 1996ರಲ್ಲಿ ಹಿಮ್ಮಾಹಿತಿಯ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಲಾಭವಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ, ಹೇಳಿಸಿಕೊಂಡ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಅವರ ವಿವರಣೆಯಂತೆ, ಗಮನ ಕೆಲಸದಿಂದ ‘ನಾನು’ ಎಂಬುದರ ಕಡೆಗೆ ಹೊರಳಿದಷ್ಟೂ ಹಿಮ್ಮಾಹಿತಿಯ ಬಲ ಕುಗ್ಗುತ್ತದೆ. ಹೊಗಳಿಕೆಯೂ ಹಾಗೆ ಹೊರಳಿಸಬಲ್ಲದು. ‘ನೀವು ಹುಟ್ಟು ಶಿಕ್ಷಕಿ’ ಎಂದರೆ ಕೇಳಲು ಹಿತ, ಆದರೆ ನಾಳೆಯ ಪಾಠಕ್ಕೆ ಅದರಿಂದ ಏನೂ ದಕ್ಕುವುದಿಲ್ಲ. ಅಂಕ, ಶ್ರೇಣಿಗಳ ಕಥೆಯೂ ಬೇರೆಯಲ್ಲ, ‘ಬಿ’ ಎಂದು ಕಂಡ ಕಣ್ಣು ಕೆಳಗಿನ ಸಾಲುಗಳಿಗೆ ಇಳಿಯುವುದು ಕಷ್ಟ. ಇಂಗ್ಲೆಂಡಿನ ಶಾಲಾ ತನಿಖಾ ಸಂಸ್ಥೆ ಆಫ್‌ಸ್ಟೆಡ್ ಕೂಡ ಬಿಡಿ ಪಾಠಗಳಿಗೆ ಶ್ರೇಣಿ ಕೊಡುವುದನ್ನು 2014ರಲ್ಲಿ ನಿಲ್ಲಿಸಿತು.

ವಿಜ್ಞಾನದ ಮೇಡಂ ಅದೇ ದಿನ ಸಂಜೆ ಮೊದಲು ಮಾತಾಡಿ, ಆಮೇಲೆ ಬರೆದ ವರದಿಯ ಮುಖ್ಯ ಭಾಗ ಹೀಗಿರಬಹುದು:

‘ಮೇಡಂ, ಕಾಗದದ ಪಟ್ಟಿ ಮಡಿಸಿದ ಚಟುವಟಿಕೆ ಒಂದು ಒಳ್ಳೆಯ ಪ್ರಶ್ನೆಯನ್ನು ಹುಟ್ಟಿಸಿತು. ತುಂಡುಗಳು ಒಂದೇ ಅಳತೆಯಲ್ಲಿಲ್ಲ ಎಂಬುದನ್ನು ಆ ಹುಡುಗಿ ತಾನೇ ಕಂಡುಕೊಂಡಳು. ಲ.ಸಾ.ಅ. ಏಕೆ ಬೇಕು ಎಂಬುದಕ್ಕೆ ಉತ್ತರ ಆ ಪ್ರಶ್ನೆಯಲ್ಲೇ ಇತ್ತು. ಪಾಠ ಅಲ್ಲಿಂದ ನೇರ ಹಲಗೆಯ ಕ್ರಮಕ್ಕೆ ಹೋಯಿತು, ಪ್ರಶ್ನೆ ಮತ್ತೆ ಬರಲಿಲ್ಲ. ½ + ⅕ಕ್ಕೆ ನಾನು ನೋಡಿದ 9 ಪುಸ್ತಕಗಳಲ್ಲಿ ಐದರಲ್ಲಿ 2/7 ಇತ್ತು. ಉಳಿದ 22 ಪುಸ್ತಕ ನಾನು ನೋಡಿಲ್ಲ. “ಅರ್ಥ ಆಯ್ತಾ?” ಎಂದಾಗಲೆಲ್ಲ ಎಲ್ಲರೂ ಆಯ್ತು ಎಂದರು, ಹಿಂದಿನ ಸಾಲಿನಲ್ಲಿ 2/7 ಬರೆದ ಮೂವರೂ ಸೇರಿ. ಮುಂದಿನ ಪಾಠದಲ್ಲಿ ಒಂದೆರಡು ಕಡೆ ಅದರ ಬದಲು “ಉತ್ತರ ಅರ್ಧಕ್ಕಿಂತ ಹೆಚ್ಚು ಬರುತ್ತೋ ಕಡಿಮೆಯೋ?” ಎಂದು ಕೇಳಿ, ಪುಸ್ತಕದಲ್ಲಿ ಬರೆಸಿ ನೋಡಬಹುದೇ?’

ಇಲ್ಲಿ ಹೊಗಳಿಕೆ ಟೀಕೆಗೆ ಹಚ್ಚಿದ ಸಕ್ಕರೆಯಲ್ಲ, ಎರಡೂ ಒಂದೇ ಘಟನೆಯ ಎರಡು ತುದಿ. ಕೇಳಿದ್ದು ಹಿಂದಿನ ಸಾಲಿನ ಬಗ್ಗೆ, ಉತ್ತರವೂ ಅದಕ್ಕೇ ಸಿಕ್ಕಿದೆ. ಸೂಚನೆ ಒಂದೇ ಒಂದು, ಅದೂ ನಾಳೆಯೇ ಮಾಡಬಹುದಾದದ್ದು. ಮೇಡಂ ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎನ್ನುವುದನ್ನೂ ವೀಕ್ಷಕರು ಗುರುತು ಹಾಕಿಕೊಂಡಿದ್ದರು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದಂತೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ. ಅದನ್ನೂ ಸೇರಿಸಿಬಿಡುವ ಆಸೆ ಸಹಜ. ಆದರೆ ಐದು ಸೂಚನೆ ಓದಿದವರು ಒಂದನ್ನೂ ಹಿಡಿಯದೆ ಹೋಗುವುದೇ ಹೆಚ್ಚು. ಆ ಟಿಪ್ಪಣಿ ಇನ್ನೊಂದು ದಿನಕ್ಕೆ ಉಳಿಯಲಿ.

ಹಾಳೆಯ ಕೊನೆಯ ಕಾಲುಭಾಗ ಖಾಲಿ ಇರುತ್ತದೆ, ಪಾಠ ಮಾಡಿದವರಿಗೆಂದು. ಗಣಿತದ ಮೇಡಂ ಅಲ್ಲಿ, ‘ಯೂನಿಟ್ ಟೆಸ್ಟ್‌ಗೆ ಎರಡೇ ದಿನ ಇತ್ತು, ಕ್ರಮ ಮುಗಿಸುವ ಅವಸರದಲ್ಲಿದ್ದೆ. ಅವಳ ಪ್ರಶ್ನೆ ನನಗೂ ಕೇಳಿಸಿತ್ತು’ ಎಂದು ಬರೆದರೆ, ವೀಕ್ಷಕರು ಅದನ್ನು ತಿದ್ದುವಂತಿಲ್ಲ, ಅದಕ್ಕೆ ಉತ್ತರ ಬರೆಯುವಂತೆಯೂ ಇಲ್ಲ. ಮುಂದಿನ ವಾರ ಮತ್ತೆ ಅದೇ ಗೋಡೆ ಬದಿಯಲ್ಲಿ ಕೂತಾಗ ನೋಡಬೇಕಾದದ್ದು ಇಷ್ಟೇ: ‘ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ’ ಎಂದು ಕೇಳಿದಾಗ ಹಿಂದಿನ ಸಾಲಿನ ಆ ಮೂವರು ಪುಸ್ತಕದಲ್ಲಿ ಏನು ಬರೆದರು.