ಕೂಸಿಗೊಂದು ಕೌದಿ, ಗೊಂಬೆಗೊಂದು ಕೌದಿ

ಬೀದರಿನ ಹತ್ತಿರದ ಕಮಠಾಣದ ಒಂದು ಮನೆಯ ಮಾತು. ಎರಡನೆಯ ಹೆರಿಗೆಯಾಗಿ ಸೊಸೆ ದವಾಖಾನೆಯಿಂದ ಮನೆಗೆ ಬಂದಳು. ಬಾಗಿಲಲ್ಲಿ ತಾಯಿಗೂ ಕೂಸಿಗೂ ಆರತಿ ಎತ್ತಿದರು. ಮೂರು ವರ್ಷದ ಹಿರಿಯ ಮಗಳು ಮೂಲೆಯಲ್ಲಿ ನಿಂತು ನೋಡಿದಳು. ಸಂಜೆ ಆಕೆ ಅಜ್ಜಿಗೆ ಹೇಳಿದ ಮಾತು ಇದು: "ಅಮ್ಮಾ, ಅದಕ್ಕ ಒಯ್ದು ದವಾಖಾನಿದಾಗ ಕೊಟ್ಟು ಬರ್ರಿ."

ಮನೆಯವರೆಲ್ಲ ನಕ್ಕರು. ಆದರೆ ಮರುದಿನದಿಂದ ಮಗು ಹಾಸಿಗೆಯಲ್ಲಿ ಉಚ್ಚೆ ಹೊಯ್ಯತೊಡಗಿತು. ಬಾಟಲಿಯಲ್ಲೇ ಹಾಲು ಬೇಕೆಂದು ಹಟ ಹಿಡಿಯಿತು. ಇದು ಹಟಮಾರಿತನವಲ್ಲ, ತಂಗೀ. "ನಾನೂ ಕೂಸೇ, ನನ್ನನ್ನೂ ಎತ್ತಿಕೊ" ಎಂದು ಮಗು ಹೇಳುವ ರೀತಿ ಅದು. ಬೈದರೆ ಹೆಚ್ಚುತ್ತದೆ. ಸುಮ್ಮನೆ ಬಟ್ಟೆ ಬದಲಿಸಿ, ಹತ್ತು ನಿಮಿಷ ತೊಡೆಯ ಮೇಲೆ ಕೂಡಿಸಿಕೊಂಡರೆ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ.

ಆ ಮನೆಯ ಅಜ್ಜಿ ಜಾಣೆ. ಅದೇ ಸೊಸೆಯ ತಂಗಿ ಮುಂದೆ ಎರಡನೆಯ ಬಸಿರಾದಾಗ ಆಕೆ ಮೊದಲೇ ತಯಾರಿ ನಡೆಸಿದರು. ಅದನ್ನೇ ನಿಮಗೆ ಹೇಳುತ್ತೇನೆ.

ಏಳನೆಯ ತಿಂಗಳಲ್ಲಿ ಕೌದಿ ಹೊಲಿಯಲು ಕುಳಿತರು. ತಾಯಿಯ ಹಳೆಯ ನೂಲಿನ ಸೀರೆ, ಹಿರಿಯ ಮಗುವಿಗೆ ಗಿಡ್ಡವಾದ ಅಂಗಿ, ಇವಿಷ್ಟೇ ಬಟ್ಟೆ. ಎರಡು ಮೊಳ ಉದ್ದಗಲದ ಕೌದಿ ಕೂಸಿಗೆ. ಉಳಿದ ತುಂಡುಗಳಿಂದ ಒಂದು ಗೇಣಿನ ಕೌದಿ, ಮಗುವಿನ ಬಟ್ಟೆ ಗೊಂಬೆಗೆ. ಯಾವ ತುಂಡು ಎಲ್ಲಿ ಬರಬೇಕೆಂದು ಆರಿಸುವವಳು ಮಗು. ಸೂಜಿ ಮಾತ್ರ ಅಜ್ಜಿಯ ಕೈಯಲ್ಲಿ. ಹೊಲಿಯುತ್ತ, "ಇದು ನಿನ್ನ ಅಂಗಿ, ನೀ ಸಣ್ಣಾಕಿ ಇದ್ದಾಗ ಹಾಕ್ಕೊಂಡಿದ್ದಿ" ಎಂದು ಹಳೆಯ ಕಥೆ ಹೇಳುತ್ತಿದ್ದರು. ತನಗೂ ಹೀಗೇ ಉಪಚಾರ ನಡೆದಿತ್ತೆಂಬುದು ಮಗುವಿಗೆ ಗೊತ್ತಾಯಿತು. ಆದರೆ ಅದಕ್ಕೆ ಇನ್ನೂ ಪ್ರೀತಿಯಿರುವ ಅಂಗಿಯನ್ನು ಕೇಳದೆ ಕತ್ತರಿಸಬೇಡಿ. ಕೆಲಸವೇ ಕೆಡುತ್ತದೆ.

ಮೂರು ವರ್ಷದ ಮಗುವಿಗೆ ತಿಂಗಳ ಲೆಕ್ಕ ತಿಳಿಯದು. "ಪಂಚಮಿ ಜೋಕಾಲಿ ಬಿಚ್ಚಿದ ಮ್ಯಾಲ ಕೂಸು ಬರ್ತದ" ಎಂದು ಹಬ್ಬಕ್ಕೆ ಗಂಟುಹಾಕಿ ಹೇಳಿದರು. ತಾಯಿಯ ಮಗ್ಗುಲು ಬಿಡಿಸಿ ಅಜ್ಜಿಯ ಬಳಿ ಮಲಗಿಸುವುದನ್ನೂ ಆಗಲೇ ರೂಢಿ ಮಾಡಿದರು. ಕೂಸು ಬಂದ ದಿನವೇ ಜಾಗ ಬಿಡಿಸಿದರೆ, ಕಸಿದುಕೊಂಡದ್ದು ಕೂಸೇ ಎಂದು ಮಗು ತಿಳಿಯುತ್ತದೆ.

ಹೆರಿಗೆಯಾಯಿತು. ಮಗು ದವಾಖಾನೆಗೆ ಬಂದಾಗ ತಾಯಿಯ ತೊಡೆ ಖಾಲಿ ಇತ್ತು. ಕೂಸನ್ನು ಬೇರೆಯವರು ಎತ್ತಿಕೊಂಡಿದ್ದರು. ಮೊದಲು ಮಗುವಿಗೆ ತಾಯಿ ಸಿಗಬೇಕು, ಆಮೇಲೆ ಕೂಸು. ಮಗು ತನ್ನ ಕೈಯಾರೆ ಕೌದಿ ಕೊಟ್ಟಿತು. "ಕೂಸು ನಿನಗೂ ತಂದದ" ಎಂದು ತಾಯಿ ಗೊಂಬೆಯ ಕೌದಿಯನ್ನೂ ನಾಲ್ಕು ಬಳೆಗಳನ್ನೂ ಕೊಟ್ಟಳು. ಈ ಕಾಣಿಕೆ ಸಣ್ಣದೇ ಇರಲಿ. ದೊಡ್ಡ ಆಟಿಕೆ ತಂದರೆ ಮಗು ಅದರಲ್ಲೇ ಮುಳುಗಿ ಕೂಸನ್ನು ಮರೆಯುತ್ತದೆ, ನಾಳೆ ಇನ್ನೊಂದು ಕೇಳುತ್ತದೆ.

ಮನೆಯ ಬಾಗಿಲಲ್ಲಿ ಮೂವರಿಗೂ ಒಂದೇ ಆರತಿ. ದಿನಾ ಸಂಜೆ ಉಪ್ಪು, ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆಯುವಾಗ ಮೊದಲು ಹಿರಿಯದಕ್ಕೆ, ಆಮೇಲೆ ಕೂಸಿಗೆ. ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಆಕೆಯ ಬೆನ್ನಿಗೆ ಗುದ್ದುವ ಗದ್ದಲವಿದೆಯಲ್ಲ, ಮೊದಲ ಗುದ್ದು ಅಕ್ಕನದೇ! ಬಂದವರಿಗೆ ಗುಗ್ಗರಿ ಹಂಚಿದವಳೂ ಅವಳೇ. ಕುಂಚಿಗೆ, ಕುಲಾವಿ ತಂದವರು ಅವಳ ಕೈಗೇ ಕೊಟ್ಟು ಬಿಚ್ಚಿಸಿದರು. ನೋಡುತ್ತ ನಿಲ್ಲುವವಳು ಮನೆಯ ಯಜಮಾನಿಯಾದಳು.

ಕೆಲವು ಎಚ್ಚರಿಕೆ ಬೇಕು. ಗುಗ್ಗರಿಯನ್ನಾಗಲಿ ಜೇನನ್ನಾಗಲಿ ಪ್ರೀತಿಯಿಂದಲೂ ಕೂಸಿನ ಬಾಯಿಗೆ ಇಡದಂತೆ ನೋಡಿಕೊಳ್ಳಿ. ಕೌದಿ ತೊಡೆಯ ಮೇಲಿನ ಕೂಸಿಗೆ. ಮಲಗಿದಾಗ ಮುಖದ ಮೇಲೆ ಸರಿಯಬಾರದು, ಆದ್ದರಿಂದ ಆಗ ತೆಗೆದಿಡಿ. ಇಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ. "ಇನ್ನ ನಿಮ್ಮವ್ವ ನಿನಗ ಸಿಗೂದಿಲ್ಲ ನೋಡು" ಎಂದು ನಗೆಯಾಡುವ ನೆರೆಯವರನ್ನು ಅಲ್ಲೇ ತಡೆಯಿರಿ. ಮಗು ಅದನ್ನು ನಿಜವೆಂದೇ ನಂಬುತ್ತದೆ.

ಇಷ್ಟಾದರೂ ಒಂದು ದಿನ ಈ ಮಗುವೂ ಕೂಸನ್ನು ಚಿವುಟಿತು. ತಾಯಿ ಕೈ ಹಿಡಿದು, "ಚೂಟಬಾರದು, ಅದಕ್ಕ ನೋಯ್ತದ. ಸಿಟ್ಟು ಬಂದ್ರ ನನಗ ಹೇಳು" ಎಂದಳಷ್ಟೆ. ಕೂಸು ಮಲಗಿದ ಮೇಲೆ ಬಾಗಿಲು ಮುಂದೆ ಮಾಡಿ ಅದರೊಡನೆ ಕವಡೆ ಆಡಿದಳು. ಆ ರಾತ್ರಿ ಮಗು ಗೊಂಬೆಯ ಕೌದಿಯನ್ನೂ ತಂದು ಕೂಸಿನ ಕಾಲಿಗೆ ಹೊದಿಸಿ, "ಅದಕ್ಕ ಥಂಡಿ ಆಗ್ತದ" ಎಂದಿತು. ಅಜ್ಜಿ ನಗಲಿಲ್ಲ. ಕೂಸು ನಿದ್ದೆ ಹೋದ ಮೇಲೆ ಮೆಲ್ಲನೆ ತೆಗೆದು ಗೊಂಬೆಗೇ ಹೊದಿಸಿದರು.